ಚಾದಂಗಡಿಗೆ ಗೋಣಿ ಲೆಕ್ಕದ ಸಾಮಾನು: ಯಾವುದು ತರಬಹುದು, ಯಾವುದು ಬೇಡ

ಪ್ರಶ್ನೆ: ಉಪ್ಪಳದಲ್ಲಿ ಬಸ್ ನಿಲ್ಲುವ ಜಾಗದ ಹತ್ತಿರ ನನ್ನದೊಂದು ಸಣ್ಣ ಚಾದಂಗಡಿ ಇದೆ. ದಿನಕ್ಕೆ ಸುಮಾರು 150 ಚಾ ಹೋಗುತ್ತದೆ, ಸಂಜೆ ಗೋಳಿಬಜೆ ಹಾಕುತ್ತೇನೆ. ಸಾಮಾನು ಪಕ್ಕದ ಜೀನಸಿನ ಅಂಗಡಿಯಿಂದ, ಒಂದು ವಾರದ ಕಡಕ್ಕೆ ತರುತ್ತೇನೆ. ಕಿಲೋಗೆ ಸಕ್ಕರೆ 47, ಚಾ ಹುಡಿ 300, ಮೈದಾ 42, ಎಣ್ಣೆ 142. ಮಂಗಳೂರು ಬಂದರಿನ ಹೋಲ್‌ಸೇಲಿನಲ್ಲಿ ಇದೇ ಸಾಮಾನು 43.50, 260, 36, 135ಕ್ಕೆ ಸಿಗುತ್ತದೆ ಎನ್ನುತ್ತಾನೆ ನನ್ನ ಭಾವ. 50 ಕಿಲೋದ ತಲಾ ಒಂದು ಗೋಣಿ ಸಕ್ಕರೆ, ಮೈದಾ, 10 ಕಿಲೋ ಚಾ ಹುಡಿ, 15 ಕಿಲೋದ ಒಂದು ಟಿನ್ ಎಣ್ಣೆ ತಂದರೆ 980 ರೂಪಾಯಿ ಉಳಿಯುತ್ತದಂತೆ. ಕೈಯಲ್ಲಿ ಇರುವುದು 9,000. ಹೆಂಡತಿ ಬೇಡ ಎನ್ನುತ್ತಾಳೆ. ದಿನದ ಕಲೆಕ್ಷನ್‌ನವನೊಬ್ಬ 9,000 ಕೊಡುತ್ತೇನೆ, ದಿನಕ್ಕೆ 100ರಂತೆ 100 ದಿನ ಕಟ್ಟು ಎಂದೂ ಹೇಳಿದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಭಾವನ ಲೆಕ್ಕ ತಪ್ಪಲ್ಲ, ಆದರೆ ಅರ್ಧಕ್ಕೇ ನಿಂತಿದೆ. ಆ ನಾಲ್ಕು ಸಾಮಾನಿಗೆ ಬಂದರಿನಲ್ಲಿ 8,600 ಆಗುತ್ತದೆ. ಊರಿನ ರೇಟಿನಲ್ಲಿ 9,580. ಕಾಗದದ ಮೇಲೆ 980 ಉಳಿತಾಯ ನಿಜ. ಈಗ ಸಾಮಾನು ಎತ್ತಿ ನೋಡಿ. ಎರಡು ಗೋಣಿ, ಒಂದು ಟಿನ್, ಹತ್ತು ಕಿಲೋ ಚಾ ಹುಡಿ ಸೇರಿ 125 ಕಿಲೋ. ಬಸ್ಸಿನಲ್ಲಿ ಬರುವುದಿಲ್ಲ, ಟೆಂಪೊ ಬೇಕು. ಬಾಡಿಗೆ, ಹತ್ತಿಸಿ ಇಳಿಸುವವರ ಕೂಲಿ ಎಲ್ಲ ಸೇರಿ 700 ಎಂದಿಟ್ಟುಕೊಳ್ಳಿ. ಉಳಿದದ್ದು 280. ನೀವೇ ಹೋಗಿ ಬರಲು ಅರ್ಧ ದಿನ ಅಂಗಡಿ ಮುಚ್ಚಿದರೆ ಅದೂ ಹೋಯಿತು. ಭಾವನ ಹತ್ತಿರ ಸ್ವಂತ ಗಾಡಿ ಇದ್ದು, ಅವನು ಹೇಗೂ ಮಂಗಳೂರಿಗೆ ಹೋಗಿ ಬರುವವನಾದರೆ ಮಾತು ಬೇರೆ.

ಇದಕ್ಕಿಂತ ದೊಡ್ಡ ಸಮಸ್ಯೆ ಮರುದಿನ ಬೆಳಿಗ್ಗೆ ಕಾಣುತ್ತದೆ. 9,000ದಲ್ಲಿ 8,600 ಸಾಮಾನಿಗೆ ಕೊಟ್ಟರೆ ಕೈಯಲ್ಲಿ 400. ಟೆಂಪೊದವನಿಗೆ ಕೊಡಲೂ ಸಾಲದು. 150 ಚಾಕ್ಕೆ ಒಂಬತ್ತು ಲೀಟರಿನಷ್ಟು ಹಾಲು ಬೇಕು, ಅದಕ್ಕೆ ಸುಮಾರು 500. ಹಾಲಿನವನು ಗೋಣಿ ನೋಡಿ ಪ್ಯಾಕೆಟ್ ಕೊಡುವುದಿಲ್ಲ, ನಗದು ಕೇಳುತ್ತಾನೆ. ನಾನು ಸಹಕಾರಿ ಬ್ಯಾಂಕಿನ ಸಣ್ಣ ಸಾಲದ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಈಗಲೂ ಕೆಲವು ಸಣ್ಣ ಹೋಟೆಲುಗಳ ಲೆಕ್ಕ ನೋಡಿಕೊಡುತ್ತೇನೆ. ಸಾಮಾನು ಇಲ್ಲದೆ ಬಾಗಿಲು ಹಾಕಿದ ಚಾದಂಗಡಿ ನಾನು ನೋಡಿದ್ದು ಕಡಿಮೆ. ಒಳಗೆ ಅರ್ಧ ಗೋಣಿ ಸಕ್ಕರೆ ಇದ್ದೂ ಹಾಲಿಗೆ, ಗ್ಯಾಸಿಗೆ ದುಡ್ಡಿಲ್ಲದೆ ಕಲೆಕ್ಷನ್‌ನವರ ಕೈಗೆ ಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ.

ಹಾಗಾಗಿ ಮೊದಲು ಮುಟ್ಟಬಾರದ ದುಡ್ಡು ಎಷ್ಟು ಎಂದು ಗೊತ್ತು ಮಾಡಿಕೊಳ್ಳಿ. ಮೂರು ದಿನದ ಹಾಲಿಗೆ 1,500. ಒಂದು 19 ಕಿಲೋ ಸಿಲಿಂಡರಿಗೆ 1,800 ಇಡಿ. ಈ ವ್ಯಾಪಾರದ ಸಿಲಿಂಡರಿನ ರೇಟು ಸಾಮಾನ್ಯವಾಗಿ ತಿಂಗಳ ಮೊದಲ ದಿನ ಬದಲಾಗುತ್ತದೆ, ಅದಕ್ಕೆ ನಿಮ್ಮ ಊರಿನ ಈ ತಿಂಗಳ ರೇಟು ಹಾಕಿಕೊಳ್ಳಿ. ಮತ್ತೆ, ಹರತಾಳವೋ ಜಡಿಮಳೆಯೋ ಬಂದು ಎರಡು ದಿನ ವ್ಯಾಪಾರ ಇಲ್ಲದಿದ್ದರೂ ಮನೆ ನಡೆಯಬೇಕು, ಅದಕ್ಕೆ 1,400. ಒಟ್ಟು 4,700. ಇದು ಗೋಣಿಗೆ ಹೋಗುವ ದುಡ್ಡಲ್ಲ. ಅಂದರೆ ನೀವು ನಿಜವಾಗಿ ಆಡಿಸಬಹುದಾದದ್ದು 9,000 ಅಲ್ಲ, 4,300. ಹೆಂಡತಿಯವರು ಬೇಡ ಎಂದದ್ದು ಇದನ್ನು ನೋಡಿಯೇ ಇರಬೇಕು.

ಇನ್ನು ಈ 4,300ರಲ್ಲಿ ಏನು ತಂದರೆ ಒಳ್ಳೆಯದು? ಎಲ್ಲವನ್ನೂ ಒಟ್ಟಿಗೆ ತರಬೇಕು, ಇಲ್ಲವೇ ಯಾವುದನ್ನೂ ತರಬಾರದು ಎಂಬುದು ಸುಮ್ನೆ ಒಂದು ನಂಬಿಕೆ. ಒಂದೊಂದು ಸಾಮಾನಿಗೂ ಬೇರೆ ಉತ್ತರ ಇದೆ.

ಮೊದಲು ಚಾ ಹುಡಿ. ನಿಮ್ಮ ಪಟ್ಟಿಯಲ್ಲಿ ಅತಿ ದುಬಾರಿ ಅದೇ, ಅತಿ ಹಗುರವೂ ಅದೇ. ಐದು ಕಿಲೋ ಕೈಚೀಲದಲ್ಲಿ ಹಿಡಿದುಕೊಂಡು ರೈಲಿನಲ್ಲಿ ಬರಬಹುದು, ಟೆಂಪೊ ಬೇಡ. ಕಿಲೋಗೆ 40 ರೂಪಾಯಿ ವ್ಯತ್ಯಾಸ ಅಂದರೆ ಐದು ಕಿಲೋಗೆ 200 ಉಳಿಯಿತು, ಹಾಕಿದ್ದು 1,300. ಬೇರೆ ಯಾವುದೂ ಇಷ್ಟು ಸುಲಭವಾಗಿ ಕೊಡುವುದಿಲ್ಲ. ಹಾಗೆಂದು ಹುಡಿಗಾಗಿಯೇ ಮಂಗಳೂರಿಗೆ ಹೋಗಬೇಡಿ. ಬೇರೆ ಕೆಲಸಕ್ಕೆ ಹೋದಾಗ ತನ್ನಿ, ಇಲ್ಲವೇ ದಿನಾ ಹೋಗಿ ಬರುವವರ ಕೈಯಲ್ಲಿ ತರಿಸಿ.

ಆದರೆ ಇಲ್ಲೇ ದೊಡ್ಡ ಮೋಸವೂ ಇದೆ. 300ರ ಹುಡಿ ಮತ್ತು 260ರ ಹುಡಿ ಒಂದೇನಾ? ಭಾವ ರೇಟು ನೋಡಿದ್ದಾನೆ, ಚಾ ಮಾಡಿ ನೋಡಿಲ್ಲ ಅಲ್ವಾ? ಮೊದಲ ಸಲ ಕಾಲು ಕಿಲೋ ಮಾತ್ರ ತನ್ನಿ. ನಿಮ್ಮದೇ ಹಾಲು, ನಿಮ್ಮದೇ ಪಾತ್ರೆ, ಗಿರಾಕಿಗೆ ಒಪ್ಪುವ ಅದೇ ಕಡಕ್ ಬರುವಷ್ಟು ಹುಡಿ ಹಾಕಿ. ಕಾಲು ಕಿಲೋ ಮುಗಿಯುವಾಗ ಎಷ್ಟು ಗ್ಲಾಸ್ ಆಯಿತು ಎಂದು ಎಣಿಸಿ. ಗ್ಲಾಸಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ನಿಮ್ಮ ಈಗಿನ ಹುಡಿ ಕಾಲು ಕಿಲೋಗೆ 100 ಚಾ ಕೊಡುತ್ತದೆ. ಅದಕ್ಕೆ 75 ರೂಪಾಯಿ, ಅಂದರೆ ಒಂದು ಚಾಕ್ಕೆ 75 ಪೈಸೆ. ಹೊಸ ಹುಡಿ ಕಾಲು ಕಿಲೋಗೆ 65 ರೂಪಾಯಿ. ಅದರಲ್ಲೂ 100 ಚಾ ಆದರೆ ನಿಮಗೆ ಲಾಭ. 85 ಚಾಕ್ಕೇ ಮುಗಿದರೆ ಒಂದು ಚಾಕ್ಕೆ 76 ಪೈಸೆ ಬಿತ್ತು. ಕಡಿಮೆ ರೇಟಿನ ಹುಡಿಯೇ ದುಬಾರಿ ಆಯಿತು, ಮೇಲಿಂದ ರುಚಿಯೂ ಹೋಯಿತು. ನಾನು ಲೆಕ್ಕ ನೋಡುವ ಹೋಟೆಲಿನವರಿಗೆಲ್ಲ ಚಾ ಹುಡಿಯ ರೇಟನ್ನು ಕಿಲೋದಲ್ಲಿ ಹೇಳಬೇಡಿ, ಗ್ಲಾಸಿನಲ್ಲಿ ಹೇಳಿ ಎನ್ನುತ್ತೇನೆ.

ಬಣ್ಣ ಬೆರೆಸಿದ ಹುಡಿಯೂ ಇರುತ್ತದೆ. ಒಂದು ಫಿಲ್ಟರ್ ಪೇಪರಿನ ಮೇಲೆ ಸ್ವಲ್ಪ ಹುಡಿ ಹರಡಿ, ಅದು ಒದ್ದೆಯಾಗುವಷ್ಟು ತಣ್ಣೀರು ಚಿಮುಕಿಸಿ. ಆಮೇಲೆ ಹುಡಿ ತೆಗೆದು, ಕಾಗದವನ್ನು ನಳದ ಕೆಳಗೆ ತೊಳೆದು ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಹುಡಿ ಕಲೆ ಉಳಿಸುವುದಿಲ್ಲ. ಒಮ್ಮೆ ಕುದಿಸಿ ಒಣಗಿಸಿ ಬಣ್ಣ ಹಾಕಿದ ಹುಡಿಯಾದರೆ ಕಪ್ಪು-ಕಂದು ಕಲೆ ಉಳಿಯುತ್ತದೆ. ಪ್ಯಾಕೆಟ್ ಇಲ್ಲದ ಬಿಡಿ ಹುಡಿ ತರುವವರು ಇದನ್ನು ಮಾಡದೆ ತರಲೇಬಾರದು.

ಐದು ಕಿಲೋ ಏಕೆ, ಹತ್ತು ಏಕಲ್ಲ? ಗ್ಲಾಸಿಗೆ ಎರಡೂವರೆ ಗ್ರಾಂ ಅಂದರೆ ದಿನಕ್ಕೆ 375 ಗ್ರಾಂ, ಐದು ಕಿಲೋ ಸುಮಾರು ಹದಿಮೂರು ದಿನಕ್ಕೆ ಸಾಕು. ಚಾ ಹುಡಿ ಕೊಳೆಯುವುದಿಲ್ಲ ನಿಜ, ಆದರೆ ಅದು ಸುತ್ತಲಿನ ತೇವವನ್ನೂ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಹುಡಿಯ ಪಾಡೇನು! ಅಂಗಡಿಯಲ್ಲಿ ಜಾಗ ಇಲ್ಲವೆಂದು ಹೆಚ್ಚಿನವರು ಹುಡಿಯ ಡಬ್ಬವನ್ನು ಒಲೆಯ ಪಕ್ಕದ ಹಲಗೆಯ ಮೇಲೆ ಇಡುತ್ತಾರೆ. ಅಲ್ಲಿ ದಿನವಿಡೀ ಹಬೆ. ಅದರ ಪಕ್ಕದಲ್ಲೇ ಸಾಬೂನು, ಊದಿನಕಡ್ಡಿ, ಕೆಲವು ಕಡೆ ಇಂಗಿನ ಡಬ್ಬ. ಹತ್ತು ದಿನದಲ್ಲಿ ಹುಡಿ ಪರಿಮಳ ಬಿಡುತ್ತದೆ, ಮತ್ತೆ ನೀವು ಗೊತ್ತಿಲ್ಲದೆ ಒಂದು ಚಮಚ ಜಾಸ್ತಿ ಹಾಕುತ್ತೀರಿ. ಸ್ವಲ್ಪ ಹುಡಿಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ಉದುರಿದರೆ ಸರಿ, ಉಂಡೆಯಾಗಿ ನಿಂತರೆ ತೇವ ಹೊಕ್ಕಿದೆ. ಒಂದು ಕಿಲೋ ಮಾತ್ರ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಅಂಗಡಿಯಲ್ಲಿರಲಿ. ಉಳಿದದ್ದು ಮನೆಯಲ್ಲಿ, ಪ್ಯಾಕೆಟ್ ಒಡೆಯದೆ ಇರಲಿ.

ಎರಡನೆಯದು ಸಕ್ಕರೆ. ಇದನ್ನು ಗೋಣಿಯಲ್ಲಿ ತೆಗೆದುಕೊಳ್ಳಿ, ಆದರೆ ಬಂದರಿನಿಂದ ಅಲ್ಲ. ನಿಮ್ಮ ಜೀನಸಿನ ಅಂಗಡಿಯವರ ಹತ್ತಿರವೇ ಕೇಳಿ: ‘ಬಿಡಿಸದ ಗೋಣಿ, ನಗದು ಕೊಟ್ಟರೆ ಏನು ರೇಟು?’ 47 ಎನ್ನುವುದು ಗೋಣಿ ಬಿಚ್ಚಿ, ತೂಗಿ, ಚೆಲ್ಲಿದ್ದನ್ನು ಸಹಿಸಿ, ಒಂದು ವಾರ ಕಡ ಕೊಟ್ಟ ರೇಟು. ಆ ಕೆಲಸವೂ ಆ ಕಡವೂ ಇಲ್ಲದಿದ್ದರೆ ಒಂದೆರಡು ರೂಪಾಯಿ ಇಳಿಸಲು ಅವರಿಗೆ ಕಷ್ಟವಿಲ್ಲ. 45ಕ್ಕೆ ಕೊಟ್ಟರೂ 50 ಕಿಲೋಗೆ 100 ಉಳಿಯಿತು, ಅದೂ ಅಂಗಡಿ ಮುಂದೆ ತಂದಿಳಿಸಿ. ಬಂದರಿನ 43.50ರಲ್ಲಿ ಇನ್ನೊಂದು 75 ಉಳಿಯುತ್ತಿತ್ತು, ಆದರೆ ಅದಕ್ಕೆ ಟೆಂಪೊ ಹತ್ತಬೇಕು.

ಸಕ್ಕರೆ ಒಣಗಿದ ಜಾಗದಲ್ಲಿದ್ದರೆ ತಿಂಗಳಲ್ಲಿ ಏನೂ ಆಗುವುದಿಲ್ಲ. ನೆಲದ ಮೇಲೆ ಇಡಬೇಡಿ, ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಬಿಚ್ಚಿದ ಮೇಲೆ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿಯಿರಿ. ಇರುವೆಗೂ ಮಳೆಗೂ ಒಂದೇ ಮದ್ದು ಅದು.

ಸಕ್ಕರೆ ಹಾಳಾಗುವುದು ಬೇರೆ ದಾರಿಯಲ್ಲಿ. ಗ್ಲಾಸಿಗೆ ಹತ್ತು ಗ್ರಾಂ ಎಂದರೆ ದಿನಕ್ಕೆ ಒಂದೂವರೆ ಕಿಲೋ. ಗೋಣಿ 33 ದಿನ ಬರಬೇಕು. ವಾರಕ್ಕೆ ಹತ್ತು ಕಿಲೋ ತರುವಾಗ ಶುಕ್ರವಾರದ ಹೊತ್ತಿಗೆ ಡಬ್ಬದ ತಳ ಕಾಣುತ್ತದೆ, ಕೈ ತನ್ನಿಂತಾನೇ ಹಿಡಿತಕ್ಕೆ ಬರುತ್ತದೆ. ಡ್ರಮ್ ತುಂಬ ಸಕ್ಕರೆ ಇದ್ದರೆ ಚಮಚ ಕುಪ್ಪೆಯಾಗುತ್ತದೆ. ಮನೆಗೂ ಒಂದು ಕಿಲೋ ಹೋಗುತ್ತದೆ, ಪಕ್ಕದ ಅಂಗಡಿಯವರೂ ‘ಸ್ವಲ್ಪ ಕೊಡಿ, ನಾಳೆ ಕೊಡ್ತೇನೆ’ ಎನ್ನುತ್ತಾರೆ. ಗ್ಲಾಸಿಗೆ ಎರಡೇ ಗ್ರಾಂ ಜಾಸ್ತಿ ಬಿದ್ದರೆ ದಿನಕ್ಕೆ 300 ಗ್ರಾಂ, ತಿಂಗಳಿಗೆ ಒಂಬತ್ತು ಕಿಲೋ, ರೂಪಾಯಿಯಲ್ಲಿ 405. ನೀವು ಗೋಣಿಯಲ್ಲಿ ಉಳಿಸಿದ್ದು 100. ಹಾಗಾಗಿ ಗೋಣಿ ಬಿಚ್ಚಿದ ದಿನ ಡ್ರಮ್ಮಿನ ಮೇಲೆ ತಾರೀಕು ಬರೆಯಿರಿ. ವ್ಯಾಪಾರ ಹೆಚ್ಚಾಗದೆ 27 ದಿನಕ್ಕೇ ಖಾಲಿಯಾದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಚಮಚವನ್ನು ಒಮ್ಮೆ ತಕ್ಕಡಿಯಲ್ಲಿ ಹಾಕಿ ನೋಡಿ.

ಮೈದಾ ಬೇಡ. ಕಾಗದದ ಮೇಲೆ ಅದರಲ್ಲಿ 300 ಉಳಿಯುತ್ತದೆ, ಅದಕ್ಕೇ ಅದು ಆಸೆ ಹುಟ್ಟಿಸುತ್ತದೆ. ದಿನಕ್ಕೆ ಒಂದೂವರೆ ಕಿಲೋ ಗೋಳಿಬಜೆಗೆ ಹೋದರೂ ಗೋಣಿ ಒಂದು ತಿಂಗಳು ದಾಟುತ್ತದೆ. ಮಳೆಗಾಲದಲ್ಲಿ ಮೂರನೇ ವಾರಕ್ಕೇ ಹುಳ ಕಾಣಬಹುದು. ಜರಡಿ ಹಿಡಿದಾಗ ಹಿಟ್ಟು ಎಳೆ ಎಳೆಯಾಗಿ ಅಂಟಿಕೊಂಡಿದ್ದರೆ, ಮುಗ್ಗಲು ವಾಸನೆ ಬಂದರೆ ಮುಗಿಯಿತು. ಐದಾರು ಕಿಲೋ ಎಸೆದರೆ ಉಳಿಸಿದ್ದರಲ್ಲಿ ಹೆಚ್ಚಿನದು ಹೋಯಿತು. ಎಸೆಯದೆ ಬಳಸಿದರೆ ಗಿರಾಕಿ ಹೋಗುತ್ತಾನೆ. ಬೇಸಿಗೆಯಲ್ಲಿ ಪಕ್ಕದ ಹೋಟೆಲಿನವರೊಂದಿಗೆ ಒಂದು ಗೋಣಿ ಅರ್ಧರ್ಧ ಮಾಡಿಕೊಂಡರೆ ಸರಿ, ಮಳೆಯಲ್ಲಿ ವಾರದ ಹತ್ತು ಕಿಲೋವೇ ಸಾಕು.

ಎಣ್ಣೆಯ ಟಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2,025 ಹಾಕಿ 105 ಉಳಿಸುವುದು, ಅದೂ ಹದಿನೈದು ದಿನಕ್ಕೆ. ‘ರೇಟು ಏರುತ್ತದೆ, ಈಗಲೇ ತೆಗೆದಿಡಿ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಾಮ್ ಎಣ್ಣೆ ಹೊರದೇಶದಿಂದ ಬರುವುದು, ಅದರ ರೇಟನ್ನು ದಿಲ್ಲಿಯ ಸುಂಕ ಆಡಿಸುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಪಾಮ್ ಎಣ್ಣೆಯ ಮೂಲ ಸುಂಕ ಸೊನ್ನೆಯಿಂದ ನೂರಕ್ಕೆ 20ಕ್ಕೆ ಏರಿತು, 2025ರ ಮೇ ಕೊನೆಗೆ 10ಕ್ಕೆ ಇಳಿಯಿತು. ಏರುವ ಮೊದಲು ಟಿನ್ ತಂದಿಟ್ಟವರು ಗೆದ್ದರು, ಇಳಿಯುವ ಮೊದಲು ತಂದಿಟ್ಟವರು ಸೋತರು. ಇಬ್ಬರಿಗೂ ಮೊದಲೇ ಗೊತ್ತಿರಲಿಲ್ಲ. ದೊಡ್ಡ ವ್ಯಾಪಾರಿಗಳು ಬೇಕಾದರೆ ಆ ಆಟ ಆಡಲಿ.

ಈಗ ಕೂಡಿಸೋಣ. ಐದು ಕಿಲೋ ಚಾ ಹುಡಿಗೆ 1,300, ಸಕ್ಕರೆ ಗೋಣಿಗೆ 2,250, ಒಟ್ಟು 3,550. ನಿಮ್ಮ 4,300ರ ಒಳಗೇ ಇದೆ, 750 ಮಿಕ್ಕಿತು. ತಿಂಗಳಿಗೆ ಎರಡು ಸಲ ಹುಡಿ ತಂದರೆ 400, ಸಕ್ಕರೆಯಲ್ಲಿ 100. ಟೆಂಪೊ ಇಲ್ಲದೆ, ಅಂಗಡಿ ಮುಚ್ಚದೆ, ಹಾಲಿನ ದುಡ್ಡು ಮುಟ್ಟದೆ 500 ಕೈಯಲ್ಲಿ ಉಳಿಯಿತು. ಭಾವನ ದಾರಿಯಲ್ಲಿ ಕೊನೆಗೆ ಉಳಿದದ್ದು 280, ಅದೂ ಎಲ್ಲ ಸರಿಯಾದರೆ.

ಮೈದಾ ಮತ್ತು ಎಣ್ಣೆಯನ್ನು ಆ ಜೀನಸಿನ ಅಂಗಡಿಯಿಂದಲೇ, ವಾರದ ಕಡಕ್ಕೇ ತರುತ್ತಿರಿ. ಇದು ಬರೀ ದಾಕ್ಷಿಣ್ಯಕ್ಕೆ ಹೇಳುವುದಲ್ಲ. ಬಡ್ಡಿ ಇಲ್ಲದೆ ವಾರ ಕಾಯುವ ಒಬ್ಬ ಮನುಷ್ಯ ನಿಮಗಿದ್ದಾರೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದು ನಾಲ್ಕು ದಿನ ಅಂಗಡಿ ಮುಚ್ಚಿದರೆ ಎರಡನೇ ವಾರವೂ ಕಾಯುವುದು ಅವರೇ, ಬಂದರಿನ ಹೋಲ್‌ಸೇಲಿನವರಲ್ಲ. ಎಲ್ಲ ಸಾಮಾನನ್ನೂ ಹೊರಗಿಂದ ತಂದು, ಕಷ್ಟ ಬಂದಾಗ ಮಾತ್ರ ಅವರ ಬಾಗಿಲಿಗೆ ಹೋದರೆ ಅವರು ತಾನೇ ಏಕೆ ಕೊಡಬೇಕು?

ಆ ಕಲೆಕ್ಷನ್‌ನವನ ಮಾತಿಗೆ ಬರೋಣ. 9,000 ಕೊಟ್ಟು 10,000 ತೆಗೆದುಕೊಳ್ಳುತ್ತಾನೆ. ‘ಸಾವಿರ ರೂಪಾಯಿ ಅಷ್ಟೇ’ ಎಂದು ಕಾಣುತ್ತದೆ. ಆದರೆ ಮೊದಲ ದಿನದಿಂದಲೇ ನೀವು ತೀರಿಸುತ್ತಾ ಬರುತ್ತೀರಿ, ಪೂರ್ತಿ 9,000 ನಿಮ್ಮ ಕೈಯಲ್ಲಿ ಒಂದು ದಿನವೂ ಸರಿಯಾಗಿ ಇರುವುದಿಲ್ಲ. ಸರಾಸರಿ ನೋಡಿದರೆ 4,500 ಚಿಲ್ಲರೆಗೆ ಮೂರು ತಿಂಗಳು ಹತ್ತು ದಿನಕ್ಕೆ ಸಾವಿರ ಬಡ್ಡಿ. ತಿಂಗಳಿಗೆ 300 ಆಯಿತು. ಗೋಣಿ ಸಾಮಾನಿನಲ್ಲಿ ಉಳಿಯುವ 280ಕ್ಕಾಗಿ 300 ಬಡ್ಡಿ ಕಟ್ಟುವುದು. ಹರತಾಳದ ದಿನವೂ ಅವನ 100 ಸಿದ್ಧ ಇರಬೇಕು. ಬೇಡವೇ ಬೇಡ.

ಕೊನೆಗೆ, ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಒಂದಿದೆ. ಗೋಣಿ ತಂದವರು ಎರಡನೇ ಗೋಣಿ ತರಲಾಗದೆ ಮತ್ತೆ ವಾರದ ಕಡಕ್ಕೆ ಬೀಳುತ್ತಾರೆ. ಕಾರಣ ಬಹಳ ಸಾದಾ. ಸಕ್ಕರೆಗೆ ಒಮ್ಮೆಲೇ ಕೊಟ್ಟಾಗಿದೆ, ಆಮೇಲೆ 33 ದಿನ ಸಕ್ಕರೆಗೆ ಖರ್ಚೇ ಇಲ್ಲ. ರಾತ್ರಿ ಗಲ್ಲಾ ಎಣಿಸುವಾಗ ದಿನಾ ಎಪ್ಪತ್ತು ರೂಪಾಯಿ ಜಾಸ್ತಿ ಕಾಣುತ್ತದೆ. ಅದು ಲಾಭ ಅನಿಸುತ್ತದೆ, ಮೀನಿಗೋ ಮೊಬೈಲಿಗೋ ಹೋಗುತ್ತದೆ. ಡ್ರಮ್ ಖಾಲಿಯಾದ ದಿನ 2,250 ಎಲ್ಲಿಂದ? ಚಾ ಹುಡಿಯದ್ದೂ ಇದೇ ಕಥೆ, ಅಲ್ಲಿ ದಿನಕ್ಕೆ ನೂರು.

ಮುಚ್ಚಳಕ್ಕೆ ತೂತು ಕೊರೆದ ಒಂದು ಹಳೆಯ ಡಬ್ಬ ಸಾಕು. ರಾತ್ರಿ ಬಾಗಿಲು ಹಾಕುವ ಮೊದಲು ಸಕ್ಕರೆಯ 70, ಹುಡಿಯ 100, ಒಟ್ಟು 170 ಅದಕ್ಕೆ ಹಾಕಿ. ವ್ಯಾಪಾರ ಚೆನ್ನಾಗಿತ್ತೋ ಇಲ್ಲವೋ ನೋಡಬೇಡಿ. ಇವತ್ತು ಸುರಿದ ಸಕ್ಕರೆಯ ಬೆಲೆ ಅದು, ನಿಮ್ಮ ದುಡ್ಡಲ್ಲ. ಹದಿಮೂರನೇ ದಿನಕ್ಕೆ ಡಬ್ಬದಲ್ಲಿ 2,210 ಇರುತ್ತದೆ. ಅದರಲ್ಲಿ 1,300 ತೆಗೆದು ಹುಡಿ ತನ್ನಿ, ಮಿಕ್ಕಿದ್ದು ಸಕ್ಕರೆಗೆ ಕೂಡುತ್ತಾ ಹೋಗಲಿ. ಡಬ್ಬವನ್ನು ಹೆಂಡತಿಯವರ ಕೈಗೆ ಕೊಟ್ಟರೆ ಇನ್ನೂ ಭದ್ರ, ನಿಮ್ಮ ಪತ್ರ ಓದಿದರೆ ಹಾಗೆಯೇ ತೋರುತ್ತದೆ.

ಉಳಿದ 500ಕ್ಕೆ ಬೇರೆ ಜಾಗ ಇದೆ. ನಮ್ಮ ಕರಾವಳಿಯವರಿಗೆ ಪಿಗ್ಮಿ ಹೊಸದಲ್ಲ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕಿನವರು 1928ರಲ್ಲಿ ಮನೆ ಬಾಗಿಲಿಗೆ ಬಂದು ಎರಡಾಣೆ ಸಂಗ್ರಹಿಸಲು ಶುರು ಮಾಡಿದ ಪದ್ಧತಿ ಅದು. ನಿಮ್ಮ ಊರಿನ ಸಹಕಾರಿ ಬ್ಯಾಂಕಿನಲ್ಲೂ ದಿನದ ಠೇವಣಿ ಇದೆಯೇ ಎಂದು ಕೇಳಿ. ದಿನಕ್ಕೆ 15–20 ರೂಪಾಯಿ ಕಟ್ಟಿದರೆ ಸಾಕು. ಆದರೆ ಡಬ್ಬದ 170 ಅಲ್ಲಿಗೆ ಹಾಕಬೇಡಿ. ಪಿಗ್ಮಿಯನ್ನು ಅವಧಿಗೆ ಮೊದಲು ಮುರಿದರೆ ಸಾಮಾನ್ಯವಾಗಿ ಬಡ್ಡಿ ಹೋಗುತ್ತದೆ, ಕೆಲವು ಕಡೆ ದಂಡವೂ ಬೀಳುತ್ತದೆ. ಡಬ್ಬದ ದುಡ್ಡು ಬೇಕೆಂದಾಗ ಸಿಗಬೇಕು.

ಇನ್ನು ಯಾವಾಗ ಶುರು ಮಾಡುವುದು ಎಂಬ ಪ್ರಶ್ನೆ. ಉಪ್ಪಳದಲ್ಲಿ ರಂಜಾನ್ ತಿಂಗಳಲ್ಲಿ ಹಗಲಿನ ಚಾ ಎಷ್ಟು ಇಳಿಯುತ್ತದೆ ಎಂದು ನಿಮಗೇ ಗೊತ್ತು. ಅದಕ್ಕೆ ಮೊದಲ ವಾರ ಗೋಣಿ ತಂದರೆ 33 ದಿನದ ಲೆಕ್ಕ ಐವತ್ತಕ್ಕೆ ಹೋಗುತ್ತದೆ, ದುಡ್ಡು ಅಷ್ಟು ದಿನ ಸಿಕ್ಕಿಬಿದ್ದಿರುತ್ತದೆ. ಶಾಲಾ ರಜೆಯಲ್ಲಿ ಬಸ್ಸಿನ ಗಿರಾಕಿ ಕಡಿಮೆಯಾದರೂ ಹೀಗೆಯೇ. ವ್ಯಾಪಾರ ಇಳಿಯುವ ತಿಂಗಳಲ್ಲಿ ಸಕ್ಕರೆಯನ್ನೂ ವಾರಕ್ಕೇ ಇಳಿಸಿ, ಚಾ ಹುಡಿ ಎರಡೇ ಕಿಲೋ ತನ್ನಿ. ಗಿರಾಕಿ ಮತ್ತೆ 150ಕ್ಕೆ ಏರಿ ಒಂದು ವಾರ ನಿಂತ ಮೇಲೆ ಗೋಣಿ ಹೇಳಿ.